ರಾತ್ರಿ ಗದ್ದಲ ಅಂತ 2 ಸ್ಟಾರ್ ರಿವ್ಯೂ ಬಂದಿದೆ: ತಪ್ಪು ಒಪ್ಪಿಕೊಳ್ಳದೆ, ಜಗಳಕ್ಕೂ ಇಳಿಯದೆ ಏನು ಬರೆಯಲಿ?

ಹನ್ನೆರಡು ಕೋಣೆ

ನಾನು ಹನ್ನೆರಡು ಕೋಣೆಗಳ ಸಣ್ಣ ಗೆಸ್ಟ್‌ಹೌಸ್ ನಡೆಸುತ್ತೇನೆ. ನಿನ್ನೆ ಗೂಗಲ್‌ನಲ್ಲಿ ಈ ರಿವ್ಯೂ ಬಂತು. ಹಾಗೇ ಹಾಕುತ್ತಿದ್ದೇನೆ:

"ಕೋಣೆ ಚೊಕ್ಕವಾಗಿತ್ತು. ಆದರೆ ರಾತ್ರಿ ಒಂದು ಗಂಟೆಯವರೆಗೂ ನಿದ್ದೆ ಇಲ್ಲ. ಎದುರು ಕೋಣೆಯಲ್ಲಿ ಗುಂಪೊಂದರ ನಗು, ಮಾತು. ಬಾಗಿಲು ಧಡಾರ್ ಧಡಾರ್. ಎರಡು ಸಲ ರಿಸೆಪ್ಷನ್‌ಗೆ ಫೋನ್ ಮಾಡಿದೆ. ಮೊದಲ ಸಲ ಒಬ್ಬ ಹುಡುಗ ಬಂದು ಹೋದ, ಏನೂ ಬದಲಾಗಲಿಲ್ಲ. ಎರಡನೇ ಸಲ ಫೋನೇ ಎತ್ತಲಿಲ್ಲ. ನಿದ್ದೆ ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ."

ರಾತ್ರಿ ಪಾಳಿಯ ಪುಸ್ತಕ ತೆಗೆದು ನೋಡಿದೆ. 11:40ಕ್ಕೆ ಒಂದು ಕರೆ ಬಂದಿದೆ. ಹುಡುಗ ಮೇಲೆ ಹೋಗಿ ಎದುರು ಕೋಣೆಯವರಿಗೆ ಹೇಳಿದ್ದಾನೆ. ಎರಡನೇ ಕರೆಯ ಬಗ್ಗೆ ಏನೂ ಬರೆದಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಸಿಟ್ಟಿನಲ್ಲೇ ಇಷ್ಟು ಬರೆದಿಟ್ಟಿದ್ದೇನೆ, ಇನ್ನೂ ಹಾಕಿಲ್ಲ:

"ಮಾನ್ಯರೇ, ನಿಮಗೆ ಗದ್ದಲ ಅನಿಸಿದ್ದಕ್ಕೆ ಕ್ಷಮಿಸಿ. ಆದರೆ ನೀವು 11:40ಕ್ಕೆ ಫೋನ್ ಮಾಡಿದ ತಕ್ಷಣ ನಮ್ಮ ಸಿಬ್ಬಂದಿ ಬಂದಿದ್ದಾರೆ. ಎರಡನೇ ಫೋನ್ ಬಂದೇ ಇಲ್ಲ. 204ರಲ್ಲಿ ಇದ್ದವರು ಮಕ್ಕಳೊಂದಿಗೆ ಬಂದ ಕುಟುಂಬದವರು, ಗಲಾಟೆ ಮಾಡುವವರಲ್ಲ. ಆ ರಾತ್ರಿ ಬೇರೆ ಯಾರೂ ದೂರು ಕೊಟ್ಟಿಲ್ಲ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ."

ಹೇಗಿದೆ ಹೇಳಿ. ತಪ್ಪು ನಮ್ಮದು ಅಂತ ಬರೆಯೋಕೆ ನನಗೆ ಇಷ್ಟವಿಲ್ಲ. ಕೂಗಾಡೋದೂ ಬೇಡ.

ಕಿಟಕಿ ಪಕ್ಕದ ಸೀಟು

ಅಯ್ಯೋ ಪಾಪ. ನನಗೂ ಹೀಗೇ ಆಗಿತ್ತು. ನೀವು ಎರಡನೇ ಸಲ ಫೋನ್ ಮಾಡೋ ಬದಲು ಕೆಳಗೆ ಇಳಿದು ಹೋಗಿ ಕೋಣೆ ಬದಲಿಸಿ ಕೊಡಿ ಅಂತ ಕೇಳಬೇಕಿತ್ತು. 2 ಸ್ಟಾರ್ ಕೊಟ್ಟಿದ್ದೂ ಜಾಸ್ತಿಯೇ ಆಯಿತು.

ಹನ್ನೆರಡು ಕೋಣೆ

ಸರ್, ನಾನು ಅತಿಥಿ ಅಲ್ಲ, ಗೆಸ್ಟ್‌ಹೌಸ್‌ನವನು.

ಕಿಟಕಿ ಪಕ್ಕದ ಸೀಟು

ಓಹ್. ಸರಿ. ಹಾಗಾದರೆ ನಿಮ್ಮ ಉತ್ತರ ಓದಿ ನನಗೆ ಇನ್ನೂ ಸಿಟ್ಟು ಬಂತು ನೋಡಿ.

ರಾತ್ರಿ ಪಾಳಿ

ನಾನು ಹೋಟೆಲ್ ಫ್ರಂಟ್ ಆಫೀಸ್‌ನಲ್ಲಿ ಹತ್ತೊಂಬತ್ತು ವರ್ಷ ಇದ್ದವಳು. ಅದರಲ್ಲಿ ಅರ್ಧ ರಾತ್ರಿ ಪಾಳಿಯೇ. ನಿಮ್ಮ ಉತ್ತರ ಹಾಕದೇ ಇದ್ದದ್ದು ಒಳ್ಳೆಯದಾಯಿತು.

ಮೊದಲು ತಮಾಷೆಯ ಸಂಗತಿ. ಇಡೀ ಉತ್ತರದಲ್ಲಿ ನೀವು ತಪ್ಪೇ ನಡೆದಿಲ್ಲ ಅಂತ ವಾದ ಮಾಡುತ್ತೀರಿ. ಕೊನೆ ಸಾಲಿನಲ್ಲಿ "ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಅನ್ನುತ್ತೀರಿ. ಅಂದರೆ ಈ ಸಲ ನೋಡಿಕೊಳ್ಳಲಿಲ್ಲ ಅಂತ ನೀವೇ ಬರೆದುಕೊಟ್ಟ ಹಾಗಾಯಿತು. "ಮುಂದೆ", "ಇನ್ನು ಮೇಲೆ", "ಈಗ ಶುರು ಮಾಡಿದ್ದೇವೆ", ಈ ಮೂರು ಮಾತು ಬಂದಲ್ಲೆಲ್ಲ ಒಪ್ಪಿಗೆ ಅಡಗಿರುತ್ತದೆ. ಜನ "ಕ್ಷಮಿಸಿ" ಪದಕ್ಕೆ ಹೆದರುತ್ತಾರೆ, ಇವನ್ನು ಮಾತ್ರ ಧಾರಾಳವಾಗಿ ಬರೆಯುತ್ತಾರೆ.

ಎರಡನೆಯದು "ಅನಿಸಿದ್ದಕ್ಕೆ". ಗದ್ದಲ ಇರಲಿಲ್ಲ, ನಿಮಗೆ ಸುಮ್ನೆ ಹಾಗೆ ಅನಿಸಿದೆ ಅಂತ ಓದುವವರಿಗೆ ಕೇಳುತ್ತದೆ. ಆ ಮನುಷ್ಯನಿಗೆ ನಿದ್ದೆ ಬಂದಿಲ್ಲ ಅನ್ನೋದರಲ್ಲಿ ನಿಮಗೇನಾದರೂ ಅನುಮಾನ ಇದೆಯಾ? ಇಲ್ಲ ತಾನೇ? "ನಿಮ್ಮ ನಿದ್ದೆ ಕೆಟ್ಟಿದ್ದು ಓದಿ ಬೇಸರವಾಯಿತು" ಅಂತ ಬರೆಯಿರಿ. ನಿದ್ದೆ ಕೆಟ್ಟಿದ್ದು ನಿಜ, ನಿಮಗೆ ಬೇಸರವಾಗಿದ್ದೂ ನಿಜ. ಯಾರಿಂದ ಕೆಟ್ಟಿತು ಅನ್ನೋ ಪ್ರಶ್ನೆಯನ್ನು ಆ ವಾಕ್ಯ ಮುಟ್ಟುವುದೇ ಇಲ್ಲ. ಕನ್ನಡದಲ್ಲಿ ಇದು ಸುಲಭ. "ಕೆಟ್ಟಿತು" ಬೇರೆ, "ಕೆಡಿಸಿದೆವು" ಬೇರೆ.

ಮೂರನೆಯದು 204. ಕೋಣೆ ನಂಬರ್, ಮಕ್ಕಳೊಂದಿಗೆ ಬಂದವರು ಅನ್ನೋದು, ಇವೆಲ್ಲ ಆ ಇನ್ನೊಬ್ಬ ಅತಿಥಿಯ ವಿಷಯ. ಅವರು ಏನೂ ಬರೆದಿಲ್ಲ, ಅವರನ್ನು ಎಳೆದು ತರೋ ಹಕ್ಕು ನಮಗಿಲ್ಲ. ನಾಳೆ ಕುಟುಂಬದೊಂದಿಗೆ ಬರಬೇಕು ಅಂದುಕೊಂಡವರು ಇದನ್ನು ಓದಿದರೆ ಇವರು ನಮ್ಮ ವಿಷಯವನ್ನೂ ಹೀಗೇ ಬರೆಯುತ್ತಾರೆ ಅಂದುಕೊಳ್ಳುವುದಿಲ್ಲವಾ?

"ಬೇರೆ ಯಾರೂ ದೂರು ಕೊಟ್ಟಿಲ್ಲ" ಅನ್ನೋದು ಇವರನ್ನು ಸುಳ್ಳುಗಾರ ಅಂತ ಬೇರೆ ಮಾತಿನಲ್ಲಿ ಹೇಳಿದ ಹಾಗೆ. ಅದೂ ಹೋಗಲಿ.

ಇನ್ನು ಒಂದು ಪ್ರಶ್ನೆ. ಎರಡನೇ ಫೋನ್ ಬಂದೇ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?

ಹನ್ನೆರಡು ಕೋಣೆ

ಪುಸ್ತಕದಲ್ಲಿ ಇಲ್ಲ ಮೇಡಂ. ಹುಡುಗನನ್ನೂ ಕೇಳಿದೆ, ಬಂದಿಲ್ಲ ಅಂದ.

ರಾತ್ರಿ ಪಾಳಿ

ಎತ್ತದ ಫೋನನ್ನು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ. ಎತ್ತಿದ್ದರೆ ತಾನೇ ಬರೆಯೋದು? ಅವರು ಬರೆದಿರೋದೂ ಅದನ್ನೇ, "ಎತ್ತಲಿಲ್ಲ" ಅಂತ. ಕೋಣೆಯ ಇಂಟರ್‌ಕಾಮ್ ಯಾವುದಕ್ಕೆ ಜೋಡಿಸಿದ್ದೀರಿ? ಎಕ್ಸ್‌ಚೇಂಜ್ ಬಾಕ್ಸ್ ಇದ್ದರೆ ಅದರಲ್ಲಿ ಕರೆಗಳ ದಾಖಲೆ ಇರಬಹುದು. ಕೆಲವು ಬಾಕ್ಸ್‌ಗಳು ಹೊರಗಿನ ಕರೆ ಮಾತ್ರ ಉಳಿಸಿಕೊಳ್ಳುತ್ತವೆ, ಒಳಗಿನದನ್ನು ಉಳಿಸೋಕೆ ಸೆಟ್ಟಿಂಗ್‌ನಲ್ಲಿ ಹೇಳಬೇಕು. ಅವರು ಮೊಬೈಲ್‌ನಿಂದ ಮಾಡಿದ್ದರೆ ಇನ್ನೂ ಸುಲಭ, ರಿಸೆಪ್ಷನ್ ಫೋನಿನ ಮಿಸ್ಡ್ ಕಾಲ್ ಪಟ್ಟಿ ನೋಡಿ. ಅದನ್ನು ನೋಡುವವರೆಗೆ ಒಂದು ಅಕ್ಷರವೂ ಹಾಕಬೇಡಿ.

ಸ್ಟ್ಯಾಂಪ್ ಪೇಪರ್

ನನ್ನ ಸಲಹೆ ಕೇಳಿ. ಸಾರ್ವಜನಿಕವಾಗಿ "ಬೇಸರ", "ಕ್ಷಮೆ", "ವಿಷಾದ" ಯಾವ ಪದವನ್ನೂ ಬಳಸಬಾರದು. ನಾಳೆ ಅವರು ಹಣ ವಾಪಸ್ ಕೇಳಿ ಕೇಸ್ ಹಾಕಿದರೆ ಅದೇ ಸಾಕ್ಷಿ. "ತಾವು ಆರೋಪಿಸಿರುವ ಸದರಿ ಶಬ್ದದ ಕುರಿತು ಆಂತರಿಕ ಪರಿಶೀಲನೆ ಕೈಗೊಳ್ಳಲಾಗಿದೆ" ಅಂತ ಒಂದೇ ಸಾಲು ಬರೆದು ಬಿಟ್ಟುಬಿಡಿ.

ಅಳತೆಗೋಲು

ನಾನು ಬೇರೆ ದಾರಿ ಹಿಡಿದಿದ್ದೆ. ಇಂಥದ್ದೇ ದೂರು ಬಂದಾಗ ಮೊಬೈಲ್‌ನಲ್ಲಿ ಡೆಸಿಬಲ್ ಆಪ್ ಹಾಕಿಕೊಂಡು ಅದೇ ಕೋಣೆಯಲ್ಲಿ ರಾತ್ರಿ ಕೂತೆ. 34 ಬಂತು. "ನಮ್ಮ ಕೋಣೆಯ ಶಬ್ದ 34 ಡೆಸಿಬಲ್ ಮಾತ್ರ" ಅಂತ ಫೋಟೋ ಸಮೇತ ಉತ್ತರ ಹಾಕಿದೆ. ಲೆಕ್ಕ ಮುಂದಿಟ್ಟರೆ ಯಾರು ಮಾತಾಡುತ್ತಾರೆ?

ರಾತ್ರಿ ಪಾಳಿ

ಸ್ಟ್ಯಾಂಪ್ ಪೇಪರ್ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. "ನಮ್ಮ ಸಿಬ್ಬಂದಿಯ ನಿರ್ಲಕ್ಷ್ಯದಿಂದ ಹೀಗಾಯಿತು" ಅಂತ ಬರೆದರೆ ಅದು ಖಂಡಿತ ಒಪ್ಪಿಗೆ. ಬೇಸರ ಹೇಳಿದ ಮಾತ್ರಕ್ಕೆ ಹಾಗಾಗುವುದಿಲ್ಲ ಅಂತ ಕೆಲವು ಕಡೆ ಕಾನೂನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ 2006ರ ಪರಿಹಾರ ಕಾಯ್ದೆಯ ಎರಡನೇ ಸೆಕ್ಷನ್ ಪ್ರಕಾರ ಕ್ಷಮೆ ಕೇಳಿದ್ದು ತಾನಾಗಿಯೇ ನಿರ್ಲಕ್ಷ್ಯದ ಒಪ್ಪಿಗೆ ಆಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅದೇ ವರ್ಷ ಕ್ಷಮೆಗೆಂದೇ ಒಂದು ಕಾಯ್ದೆ ಬಂತು. ಎಲ್ಲ ಕಡೆ ಹೀಗಿದೆ ಅಂತ ಹೇಳುತ್ತಿಲ್ಲ. ಯಾರಿಗಾದರೂ ಪೆಟ್ಟಾಗಿದ್ದರೆ, ದೊಡ್ಡ ಹಣದ ಮಾತು ಬಂದಿದ್ದರೆ ಉತ್ತರ ಬರೆಯೋ ಮೊದಲು ವಕೀಲರಿಗೆ ತೋರಿಸಲೇಬೇಕು. ಒಂದು ರಾತ್ರಿಯ ನಿದ್ದೆಗೆ ಸಮನ್ಸ್ ಭಾಷೆ ಯಾಕೆ? "ಸದರಿ ಶಬ್ದ" ಓದಿದವರು ನಗುತ್ತಾರೆ, ಇಲ್ಲವೇ ಹೆದರಿ ಬೇರೆ ಕಡೆ ಬುಕ್ ಮಾಡುತ್ತಾರೆ.

ಅಳತೆಗೋಲು ಅವರಿಗೆ: ನೀವು ಅಳೆದದ್ದು ಬೇರೆ ರಾತ್ರಿ. ಆ ಗುಂಪು ಅವತ್ತು ಇರಲಿಲ್ಲ. ಅಲ್ವಾ?

ಇಟ್ಟಿಗೆ ಗಾರೆ

ಡೆಸಿಬಲ್ ವಿಷಯಕ್ಕೆ ನಾನೂ ಒಂದು ಮಾತು ಸೇರಿಸುತ್ತೇನೆ, ಕಟ್ಟಡದ ಕೆಲಸದವನು. 34 ಅನ್ನೋದು ಹೆಮ್ಮೆಯ ಸಂಗತಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಯ ಒಳಗೆ ರಾತ್ರಿ ಸರಾಸರಿ 30 ಡೆಸಿಬಲ್ ದಾಟಬಾರದು ಅಂತಿದೆ. ಒಂದೊಂದೇ ಸಲ ಕೇಳುವ ಶಬ್ದ 45 ದಾಟಬಾರದು. ಆ ಎರಡನೇ ಅಂಕಿಯೇ ಮುಖ್ಯ. ಬಾಗಿಲು ಧಡಾರ್ ಅಂದರೆ ಸರಾಸರಿಯಲ್ಲಿ ಕಾಣುವುದೇ ಇಲ್ಲ, ಆದರೆ ಮಲಗಿದವನು ಎದ್ದು ಕೂರುತ್ತಾನೆ. ಮೊಬೈಲ್‌ನ ಮೈಕು ಮಾತು ಕೇಳಿಸಿಕೊಳ್ಳೋಕೆ ಮಾಡಿದ್ದು, ಅಷ್ಟು ಕಡಿಮೆ ಶಬ್ದದಲ್ಲಿ ಅದನ್ನು ನಂಬುವಂತಿಲ್ಲ.

ಹನ್ನೆರಡು ಕೋಣೆಯವರೇ, ರಿವ್ಯೂನಲ್ಲಿ ನನಗೆ ಕಂಡಿದ್ದು ಬಾಗಿಲು. ಮಾತು, ನಗು ಜನರದ್ದು. ಧಡಾರ್ ಅನ್ನೋದು ಕಟ್ಟಡದ್ದು. ಎದುರು ಕೋಣೆಯ ಡೋರ್ ಕ್ಲೋಸರ್ ನೋಡಿದಿರಾ? ಬಾಗಿಲನ್ನು ಪೂರ್ತಿ ತೆರೆದು ಕೈಬಿಡಿ. ಐದಾರು ಸೆಕೆಂಡಿನಲ್ಲಿ ನಿಧಾನವಾಗಿ ಬಂದು, ಕೊನೆಗೆ ಕ್ಲಿಕ್ ಅಂತ ಕೂರಬೇಕು. ಎರಡೇ ಸೆಕೆಂಡಿನಲ್ಲಿ ಬಂದು ಬಡಿದರೆ ಸರಿಯಿಲ್ಲ. ಹೆಚ್ಚಿನ ಕ್ಲೋಸರ್‌ಗಳಲ್ಲಿ ಎರಡು ಸ್ಕ್ರೂ ಇರುತ್ತವೆ. ಒಂದು ಇಡೀ ಓಟಕ್ಕೆ, ಇನ್ನೊಂದು ಚಿಲಕ ಕೂರುವ ಕೊನೆಯ ಗೇಣಿಗೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಪೂರ್ತಿ ಬಿಚ್ಚಿದರೆ ಎಣ್ಣೆ ಹೊರಗೆ ಬರುತ್ತದೆ. ಈಗಾಗಲೇ ಎಣ್ಣೆ ಸೋರಿ ಬಾಗಿಲ ಮೇಲೆ ಕಲೆ ಇದ್ದರೆ ಸ್ಕ್ರೂ ತಿರುಗಿಸಿ ಉಪಯೋಗವಿಲ್ಲ, ಕ್ಲೋಸರ್ ಬದಲಿಸಬೇಕು.

ಹನ್ನೆರಡು ಕೋಣೆ (ಮರುದಿನ)

ಎರಡೂ ನೋಡಿದೆ. ಮುಖ ಸಪ್ಪಗಾಗಿದೆ.

ಎಕ್ಸ್‌ಚೇಂಜ್‌ನವನನ್ನು ಕರೆಸಿ ದಾಖಲೆ ತೆಗೆಸಿದೆ. ಆ ಕೋಣೆಯಿಂದ 11:38ಕ್ಕೆ ಒಂದು ಕರೆ. 12:52ಕ್ಕೆ ಇನ್ನೊಂದು, ಐವತ್ತು ಸೆಕೆಂಡ್ ರಿಂಗ್ ಆಗಿದೆ, ಯಾರೂ ಎತ್ತಿಲ್ಲ. ಹುಡುಗನನ್ನು ಮತ್ತೆ ಕೇಳಿದರೆ, ಆ ಹೊತ್ತಿಗೆ ತಡವಾಗಿ ಬಂದ ಅತಿಥಿಗೆ ಗೇಟ್ ತೆಗೆಯೋಕೆ ಹೋಗಿದ್ದೆ ಅಂದ. ಅವನದೂ ತಪ್ಪಲ್ಲ, ರಾತ್ರಿ ಅವನೊಬ್ಬನೇ ಇರೋದು.

204ರ ಕ್ಲೋಸರ್ ಎಣ್ಣೆ ಸೋರಿಸಿಕೊಂಡು ಕೂತಿದೆ. ಕೈಬಿಟ್ಟರೆ ಗೋಡೆ ಅದುರುತ್ತದೆ.

ಮೊನ್ನೆಯ ಉತ್ತರ ಹಾಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಬೆವರು ಬರುತ್ತೆ. ಅವರ ಹತ್ತಿರ ಫೋನಿನ ಫೋಟೋ ಏನಾದರೂ ಇದ್ದಿದ್ದರೆ? ಈಗ ಹೇಗೆ ಬರೆಯಲಿ? ತಪ್ಪು ಒಪ್ಪಿಕೊಳ್ಳದೆ ಬರೆಯೋಕೆ ಇನ್ನು ಉಳಿದಿರೋದೇನು?

ರಾತ್ರಿ ಪಾಳಿ

ಉಳಿದಿದೆ. ನಡೆದ ಘಟನೆಯನ್ನು ಘಟನೆಯಾಗಿಯೇ ಹೇಳಿ, ತೀರ್ಪು ಸೇರಿಸಬೇಡಿ. "ನಿಮ್ಮ ಎರಡನೇ ಕರೆಗೆ ಉತ್ತರ ಸಿಗಲಿಲ್ಲ" ಅನ್ನೋದು ಘಟನೆ. "ನಾವು ನಿಮ್ಮನ್ನು ಕಡೆಗಣಿಸಿದೆವು" ಅನ್ನೋದು ತೀರ್ಪು. ಮೊದಲನೆಯದನ್ನು ಬಚ್ಚಿಡೋಕೆ ಹೋಗಬೇಡಿ. ಅವರು ಈಗಾಗಲೇ ಬರೆದಾಗಿದೆ, ನೀವೂ ಅದನ್ನೇ ಬರೆದರೆ ಕಳೆದುಕೊಳ್ಳೋದು ಏನೂ ಇಲ್ಲ. ಓದುವವರಿಗೆ ಇವರು ನಿಜವಾಗಿ ಹೋಗಿ ನೋಡಿದ್ದಾರೆ ಅಂತ ಗೊತ್ತಾಗುತ್ತದೆ. ಹುಡುಗ ಗೇಟಿಗೆ ಹೋಗಿದ್ದ ಅನ್ನೋದನ್ನು ಬರೆಯಬೇಡಿ. ನಿಜವೇ ಆದರೂ ನೆಪದ ಹಾಗೆ ಕೇಳುತ್ತದೆ. ರಾತ್ರಿ ಒಬ್ಬನೇ ಇರುತ್ತಾನೆ ಅಂತ ಊರಿಗೆಲ್ಲ ಹೇಳೋದೂ ಕ್ಷೇಮ ಅಲ್ಲ.

ಹೀಗೆ ಒಂದು ಪ್ರಯತ್ನ ಮಾಡಿದ್ದೇನೆ:

"ನಮಸ್ಕಾರ. ಕೋಣೆ ಚೊಕ್ಕವಾಗಿತ್ತು ಎಂದು ಬರೆದಿದ್ದಕ್ಕೆ ಧನ್ಯವಾದ. ಆದರೆ ಕೋಣೆಗೆ ಬರುವುದೇ ನಿದ್ದೆಗೆ. ನಿಮ್ಮ ನಿದ್ದೆ ಕೆಟ್ಟಿದ್ದು ಓದಿ ಬೇಸರವಾಯಿತು. ಆ ರಾತ್ರಿಯ ದಾಖಲೆ ನೋಡಿದೆವು. ನಿಮ್ಮ ಮೊದಲ ಕರೆಯ ನಂತರ ನಮ್ಮವರು ಮೇಲೆ ಬಂದು ಆ ಮಹಡಿಯಲ್ಲಿದ್ದವರೊಂದಿಗೆ ಮಾತಾಡಿದ್ದಾರೆ. ಎರಡನೇ ಕರೆಗೆ ಉತ್ತರ ಸಿಕ್ಕಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಮ್ಮಲ್ಲಿ ಸದ್ದು ಮಾಡಬಾರದ ಹೊತ್ತು, ಚೆಕ್ ಇನ್ ಮಾಡುವಾಗ ಎಲ್ಲರಿಗೂ ತಿಳಿಸುತ್ತೇವೆ. ನಿಮ್ಮೊಂದಿಗೆ ನೇರವಾಗಿ ಮಾತಾಡಲು ಇಷ್ಟ. ಬುಕಿಂಗ್ ಮಾಡಿದ ಇಮೇಲ್‌ಗೆ ಬರೆದಿದ್ದೇವೆ. ಮ್ಯಾನೇಜರ್."

ಬರೆದಾದ ಮೇಲೆ ಪ್ರತಿ ವಾಕ್ಯಕ್ಕೂ "ಇದು ನಿಜವಾ, ತೋರಿಸೋಕೆ ಏನಿದೆ" ಅಂತ ಕೇಳಿಕೊಳ್ಳಿ. ಎಲ್ಲರಿಗೂ ತಿಳಿಸುತ್ತೀರಾ? ಇಮೇಲ್ ಹಾಕಿದ್ದೀರಾ?

ಹನ್ನೆರಡು ಕೋಣೆ

ಇಮೇಲ್ ಇವತ್ತು ಹಾಕುತ್ತೇನೆ. ಆದರೆ ಎಲ್ಲರಿಗೂ ತಿಳಿಸುತ್ತೇವೆ ಅನ್ನೋದು... ಮೆಟ್ಟಿಲ ಹತ್ತಿರ ಬೋರ್ಡ್ ಇದೆ. ಬಾಯಿಬಿಟ್ಟು ಹೇಳೋದು ನೆನಪಾದರೆ.

ರಾತ್ರಿ ಪಾಳಿ

ಹಾಗಾದರೆ ಆ ತುಂಡು ತೆಗೆಯಿರಿ. "ಸಮಯದ ಬೋರ್ಡ್ ಮೆಟ್ಟಿಲ ಬಳಿ ಇದೆ" ಅಂತ ಅಷ್ಟೇ ಬರೆಯಿರಿ. ಇಂಥ ಒಂದು ಸಾಲಿನಿಂದಲೇ ಮುಂದಿನ ರಿವ್ಯೂ ಹುಟ್ಟುತ್ತದೆ. "ಮಾಲೀಕರು ಹೇಳುತ್ತೇವೆ ಅಂತ ಬರೆದಿದ್ದಾರೆ, ನಮಗೆ ಯಾರೂ ಹೇಳಲಿಲ್ಲ" ಅಂತ.

ಕಿಟಕಿ ಪಕ್ಕದ ಸೀಟು

ನಾನು ಅತಿಥಿ ಕಡೆಯವನು, ಆದರೂ ಹೇಳುತ್ತೇನೆ. ಈ ಎರಡನೇ ಉತ್ತರ ಓದಿದಾಗ ಸಿಟ್ಟು ಬರಲಿಲ್ಲ. ಆದರೆ ಒಂದು ಕೊರತೆ ಇದೆ. ಬಾಗಿಲಿನ ಮಾತೇ ಇಲ್ಲ. ನಾನು ಧಡಾರ್ ಅಂತ ಎರಡು ಸಲ ಬರೆದಿದ್ದೇನೆ, ನೀವು ಅದನ್ನು ಓದಿಯೇ ಇಲ್ಲವೇನೋ ಅನಿಸುತ್ತೆ. (ನಾನು ಬರೆದದ್ದಲ್ಲ, ಅವರು ಬರೆದದ್ದು. ಆದರೂ.)

ಇಟ್ಟಿಗೆ ಗಾರೆ

ಅದು ಸರಿಯಾದ ಮಾತು. "ಆ ಮಹಡಿಯ ಬಾಗಿಲ ಕ್ಲೋಸರ್ ಬದಲಿಸಿದ್ದೇವೆ" ಅಂತ ಸೇರಿಸಿ. ಮುಂದೆ ಬರುವವರಿಗೆ ಬೇಕಾದ ಮಾಹಿತಿ ಅದೇ ತಾನೇ? ಈಗ ಬಾಗಿಲು ಬಡಿಯುವುದಿಲ್ಲ ಅಂತ ಅವರಿಗೆ ಗೊತ್ತಾಗಬೇಕು.

ಸ್ಟ್ಯಾಂಪ್ ಪೇಪರ್

ಬದಲಿಸಿದ್ದೇವೆ ಅಂದರೆ ಮೊದಲು ಕೆಟ್ಟಿತ್ತು ಅಂತ ಅರ್ಥ. ಮೇಡಂ ಹೇಳಿದ "ಮುಂದೆ", "ಇನ್ನು ಮೇಲೆ" ಸೂತ್ರ ಇಲ್ಲಿಗೂ ಬರುತ್ತದಲ್ಲ? ಈಗ ಯಾಕೆ ಸುಮ್ಮನಿದ್ದೀರಿ?

ರಾತ್ರಿ ಪಾಳಿ

ಹಿಡಿದುಬಿಟ್ಟಿರಿ. ಹೌದು, ಅರ್ಥ ಬರುತ್ತದೆ. ನಾನಾಗಿದ್ದರೆ "ಆ ಮಹಡಿಯ ಎಲ್ಲ ಬಾಗಿಲುಗಳ ಕ್ಲೋಸರ್‌ಗಳನ್ನು ಈ ವಾರ ಪರೀಕ್ಷಿಸಿ ಹೊಂದಿಸಿದ್ದೇವೆ" ಅಂತ ಬರೆಯುತ್ತಿದ್ದೆ. ಅದು ನಿಜವಾಗಬೇಕಾದರೆ ಒಂದನ್ನಲ್ಲ, ಎಲ್ಲವನ್ನೂ ನೋಡಬೇಕು. ಕೆಟ್ಟಿತ್ತೋ ಇಲ್ಲವೋ ಅನ್ನೋದನ್ನು ವಾಕ್ಯ ಹೇಳುವುದಿಲ್ಲ, ಕೆಲಸ ಆಗಿದೆ ಅನ್ನೋದನ್ನು ಹೇಳುತ್ತದೆ. ಬಿಗಿಯಾಗಿ ಓದುವವನಿಗೆ ಅದರಲ್ಲೂ ಒಪ್ಪಿಗೆ ಕಾಣಬಹುದು. ಅಷ್ಟು ಅಪಾಯ ನಾನು ತೆಗೆದುಕೊಳ್ಳುತ್ತೇನೆ.

ಸ್ಟ್ಯಾಂಪ್ ಪೇಪರ್

ನಾನು ತೆಗೆದುಕೊಳ್ಳುವುದಿಲ್ಲ. ದುರಸ್ತಿ ಸದ್ದಿಲ್ಲದೆ ಮಾಡಿ, ಬರೆಯಬೇಡಿ.

ಎರಡು ಮನೆ

ನಾನು ಏರ್‌ಬಿಎನ್‌ಬಿಯಲ್ಲಿ ಎರಡು ಮನೆ ಬಾಡಿಗೆಗೆ ಕೊಡುವವಳು. ನಿಮ್ಮದು ಗೂಗಲ್ ಆದ್ದರಿಂದ ಒಂದು ಅನುಕೂಲ ಇದೆ, ಉತ್ತರ ಹಾಕಿದ ಮೇಲೂ ತಿದ್ದಬಹುದು, ಅಳಿಸಬಹುದು. ನಮ್ಮಲ್ಲಿ ರಿವ್ಯೂ ಬಂದ 30 ದಿನದೊಳಗೆ ಉತ್ತರ ಬರೆಯಬೇಕು. ನಾನಂತೂ ಬರೆದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಜೋರಾಗಿ ಓದಿ ನೋಡಿ ಆಮೇಲೆ ಹಾಕುತ್ತೇನೆ. ನನ್ನ ಯಜಮಾನರಿಗೆ ಓದಿ ಹೇಳಿದಾಗ ಅವರು "ಯಾರ ಮೇಲೆ ಸಿಟ್ಟು?" ಅಂತ ಕೇಳಿದರೆ ಇನ್ನೊಂದು ರಾತ್ರಿ ಇಡುತ್ತೇನೆ.

ನನ್ನದೊಂದು ಪ್ರಶ್ನೆ. ಸ್ವಲ್ಪ ಹಣ ವಾಪಸ್ ಕೊಟ್ಟು ರಿವ್ಯೂ ತೆಗೆಯಿರಿ ಅಂತ ಕೇಳಬಹುದಾ? ಒಬ್ಬರು ಹಾಗೆ ಮಾಡಿದೆ ಅಂದರು.

ರಾತ್ರಿ ಪಾಳಿ

ಹಣ ವಾಪಸ್ ಕೊಡೋದು ನಿಮ್ಮ ಇಷ್ಟ. ಅದನ್ನು ರಿವ್ಯೂಗೆ ಗಂಟು ಹಾಕಬೇಡಿ. ಕೆಟ್ಟ ರಿವ್ಯೂ ತೆಗೆಯಲು ಅಥವಾ ಬದಲಿಸಲು ಏನನ್ನಾದರೂ ಕೊಡೋದು ಗೂಗಲ್ ನಿಯಮಕ್ಕೆ ವಿರುದ್ಧ. ಅವರು ನಿಮ್ಮ ಇಮೇಲ್‌ನ ಫೋಟೋ ತೆಗೆದು ರಿವ್ಯೂಗೆ ಸೇರಿಸಿದರೆ ಗದ್ದಲದ ದೂರು ಮರೆತೇಹೋಗುತ್ತದೆ, ಇದೊಂದೇ ಉಳಿಯುತ್ತದೆ. ಹಣದ ಮಾತನ್ನು ಸಾರ್ವಜನಿಕ ಉತ್ತರದಲ್ಲಂತೂ ಎತ್ತಲೇಬೇಡಿ. ಗದ್ದಲ ಅಂದರೆ ರಿಯಾಯಿತಿ ಸಿಗುತ್ತದೆ ಅಂತ ಮುಂದಿನವರು ಓದಿಕೊಳ್ಳುತ್ತಾರೆ.

ಅಳತೆಗೋಲು

ನನ್ನ 34ರ ಫೋಟೋ ಇವತ್ತು ಅಳಿಸಿದೆ. ಅದನ್ನು ನೋಡಿ ಒಬ್ಬರು "ಹಾಗಾದರೆ ಆ ರಾತ್ರಿ ನೀವೇ ಬಂದು ಮಲಗಬೇಕಿತ್ತು" ಅಂತ ತಮ್ಮ ರಿವ್ಯೂನಲ್ಲಿ ಬರೆದಿದ್ದರು. ಆವಾಗ ಅರ್ಥ ಆಗಿರಲಿಲ್ಲ.

ಹನ್ನೆರಡು ಕೋಣೆ (ನಾಲ್ಕು ದಿನದ ನಂತರ)

ಎರಡನೇ ಮಹಡಿಯ ಐದು ಬಾಗಿಲನ್ನೂ ನೋಡಿಸಿದೆ. ಎರಡಕ್ಕೆ ಹೊಸ ಕ್ಲೋಸರ್, ಮೂರಕ್ಕೆ ಸ್ಕ್ರೂ ಹೊಂದಿಸಿದ್ದು. ಆಮೇಲೆ ಇದನ್ನು ಹಾಕಿದೆ:

"ನಮಸ್ಕಾರ. ಕೋಣೆಗೆ ಬರುವುದೇ ನಿದ್ದೆಗೆ, ನಿಮ್ಮ ನಿದ್ದೆ ಕೆಟ್ಟಿದ್ದು ಓದಿ ಬೇಸರವಾಯಿತು. ಆ ರಾತ್ರಿಯ ದಾಖಲೆ ನೋಡಿದೆವು. ನಿಮ್ಮ ಮೊದಲ ಕರೆಯ ನಂತರ ನಮ್ಮವರು ಮೇಲೆ ಬಂದು ಆ ಮಹಡಿಯಲ್ಲಿದ್ದವರೊಂದಿಗೆ ಮಾತಾಡಿದ್ದಾರೆ. ಎರಡನೇ ಕರೆಗೆ ಉತ್ತರ ಸಿಕ್ಕಿಲ್ಲ. ಬಾಗಿಲುಗಳ ಬಗ್ಗೆ ನೀವು ಬರೆದಿದ್ದನ್ನು ಓದಿ ಆ ಮಹಡಿಯ ಎಲ್ಲ ಕ್ಲೋಸರ್‌ಗಳನ್ನು ಪರೀಕ್ಷಿಸಿ ಹೊಂದಿಸಿದ್ದೇವೆ. ನಿಮಗೆ ಇಮೇಲ್ ಬರೆದಿದ್ದೇವೆ, ಮಾತಾಡಲು ಕಾಯುತ್ತೇವೆ."

ಧನ್ಯವಾದದ ಸಾಲು ತೆಗೆದೆ. ಚೊಕ್ಕವಾಗಿತ್ತು ಅಂದಿದ್ದಕ್ಕೆ ಥ್ಯಾಂಕ್ಸ್ ಹೇಳಿ ಆಮೇಲೆ ನಿದ್ದೆಯ ಮಾತಿಗೆ ಬರೋದು ನನಗೇ ಸರಿ ಅನಿಸಲಿಲ್ಲ. ಬೋರ್ಡ್ ವಿಷಯವನ್ನೂ ಬಿಟ್ಟೆ. ಬೋರ್ಡ್ ಇದ್ದೂ ಗದ್ದಲ ಆಯಿತಲ್ಲ ಅಂತ ಯಾರಾದರೂ ಕೇಳುತ್ತಾರೆ.

ಅವರು ಸ್ಟಾರ್ ಬದಲಿಸಿಲ್ಲ. ಇಮೇಲ್‌ಗೆ ಮಾತ್ರ ಒಂದು ಸಾಲಿನ ಉತ್ತರ ಬಂತು: "ಫೋನ್ ಬಂದಿದ್ದು ನಿಜ ಅಂತ ಬರೆದಿರಲ್ಲ, ಸಾಕು."

ಸ್ಟ್ಯಾಂಪ್ ಪೇಪರ್

ಕ್ಲೋಸರ್ ಸಾಲು ಬೇಡವಾಗಿತ್ತು.

ರಾತ್ರಿ ಪಾಳಿ

ನನ್ನದಕ್ಕಿಂತ ಚೆನ್ನಾಗಿದೆ. ಗೇಟಿಗೆ ಹೋದಾಗ ಫೋನ್ ಯಾರು ಎತ್ತುತ್ತಾರೆ ಅನ್ನೋದಕ್ಕೆ ಏನು ಮಾಡಿದಿರಿ?

ಹನ್ನೆರಡು ಕೋಣೆ

ಕಾರ್ಡ್‌ಲೆಸ್ ತಂದೆ. ಗೇಟಿನವರೆಗೆ ಸಿಗ್ನಲ್ ಬರುತ್ತಿಲ್ಲ. ಈಗ ರಾತ್ರಿ ಹೊತ್ತು ಇಂಟರ್‌ಕಾಮ್ ಕರೆಯನ್ನು ಅವನ ಮೊಬೈಲ್‌ಗೆ ತಿರುಗಿಸೋಕೆ ಆಗುತ್ತಾ ಅಂತ ಎಕ್ಸ್‌ಚೇಂಜ್‌ನವನನ್ನು ಕೇಳಿದ್ದೇನೆ, ಸೋಮವಾರ ಬಂದು ನೋಡುತ್ತಾನಂತೆ.